‘ಹಾಯ್, ಊಟ ಆಯ್ತಾ?’ಗೆ ದಂಡ ಹಾಕುವ ಮುನ್ನ

ನವೆಂಬರ್ ಬಂತೆಂದರೆ ನಮ್ಮ ಕಾಲೇಜುಗಳ ಸಭಾಂಗಣಗಳಲ್ಲಿ, ಬಡಾವಣೆಗಳ ಶಾಮಿಯಾನದಡಿ ಒಂದು ಆಟ ನಡೆಯುತ್ತದೆ. ಮೈಕ್ ಹಿಡಿದವರು ಯಾರನ್ನಾದರೂ ವೇದಿಕೆಗೆ ಕರೆದು, ಒಂದು ನಿಮಿಷ ಒಂದೂ ಇಂಗ್ಲಿಷ್ ಪದ ಬಾರದಂತೆ ಮಾತಾಡಿ ಎನ್ನುತ್ತಾರೆ. ಬಂದವರು ಅಭ್ಯಾಸಬಲದಿಂದ ‘ಹಾಯ್’ ಎಂದೇ ಬಾಯಿ ತೆರೆಯುತ್ತಾರೆ, ಮೊದಲ ಸೆಕೆಂಡಿನಲ್ಲೇ ಸೋಲುತ್ತಾರೆ, ಸಭೆ ನಗುತ್ತದೆ. ಆಟ ಆಟವಾಗಿಯೇ ಉಳಿದರೆ ಯಾರ ತಕರಾರೂ ಇಲ್ಲ. ಆದರೆ ನಗು ನಿಂತ ಮೇಲೆ ಭಾಷಣ ಶುರುವಾಗುತ್ತದೆ. ಇಬ್ಬರು ಕನ್ನಡಿಗರು ಎದುರಾದಾಗ ಒಂದು ನಮಸ್ಕಾರವನ್ನೂ ಕನ್ನಡದಲ್ಲಿ ಹೇಳಲಾರದ ಸ್ಥಿತಿಗೆ ಬಂದಿದ್ದೇವೆ, ಬಾಗಿಲಲ್ಲೇ ಹೀಗಾದರೆ ಮನೆಯೊಳಗಿನ ಗತಿಯೇನು, ಈ ಪೀಳಿಗೆಗೆ ಸೋಮಾರಿತನ, ಶೋಕಿ, ಕೀಳರಿಮೆ ಮೂರೂ ಅಂಟಿಕೊಂಡಿವೆ ಎಂಬ ಭಾಷಣ.

ಈ ಭಾಷಣ ಮಾಡುವವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅವರು ಕಾವಲು ಕಾಯುತ್ತಿರುವುದು ತಪ್ಪು ಬಾಗಿಲನ್ನು. ಗೆಳೆಯರ ನಡುವಿನ ‘ಹಾಯ್, ಊಟ ಆಯ್ತಾ?’ ಎಂಬ ಕಲಬೆರಕೆ ಮಾತು ಕನ್ನಡದ ಸೋಲಲ್ಲ. ಅದು ಕನ್ನಡದ್ದೇ ಒಂದು ಇಕ್ಕಟ್ಟಿಗೆ, ಕನ್ನಡದ್ದೇ ವ್ಯಾಕರಣದೊಳಗೆ ಹುಡುಗರು ಕಂಡುಕೊಂಡ ಪರಿಹಾರ. ಅದು ಅಷ್ಟು ಸಹಜವಾಗಿ ಬಾಯಿಗೆ ಬರುವುದಕ್ಕೆ ಕಾರಣವೂ ಇದೇ. ಇದನ್ನು ತೋರಿಸಬೇಕಾದರೆ ಭಾಷಣ ಬಿಟ್ಟು ಆ ಮಾತನ್ನೇ ಬಿಡಿಸಿ ನೋಡಬೇಕು.

ಪದವಿ ಕಾಲೇಜೊಂದರ ಮೊದಲ ವಾರ ಎಂದುಕೊಳ್ಳಿ. ಒಂದೇ ತರಗತಿಯ ಒಬ್ಬ ಹುಡುಗ, ಒಬ್ಬ ಹುಡುಗಿ. ನಿನ್ನೆ ಗ್ರಂಥಾಲಯದ ಸಾಲಿನಲ್ಲಿ ಎರಡು ಮಾತಾಡಿದ್ದಾರೆ, ಇವತ್ತು ಕ್ಯಾಂಟೀನಿನ ಮೆಟ್ಟಿಲ ಮೇಲೆ ಎದುರಾಗಿದ್ದಾರೆ. ಇಬ್ಬರ ಮನೆಮಾತೂ ಕನ್ನಡವೇ. ಹುಡುಗ ಏನಾದರೂ ಅನ್ನಲೇಬೇಕು. ಅವನ ಮುಂದಿರುವ ಕನ್ನಡದ ಆಯ್ಕೆಗಳನ್ನು ಒಂದೊಂದಾಗಿ ನೋಡೋಣ.

‘ನಮಸ್ಕಾರ’ ಎನ್ನಬಹುದು. ಆದರೆ ಹದಿನೆಂಟರ ಇಬ್ಬರು ಸಹಪಾಠಿಗಳ ನಡುವೆ ಆ ಪದ ಬಂದರೆ ಒಂದೋ ತಮಾಷೆ, ಇಲ್ಲವೇ ಮುನಿಸು. ನಮಸ್ಕಾರ ಹಿರಿಯರಿಗೆ, ಅಪರಿಚಿತರಿಗೆ, ಸಭೆಗೆ ಸಲ್ಲುವ ಮಾತು. ಅದರ ಜೊತೆಗೆ ಕೈ ಜೋಡಿಸುವ, ತಲೆ ಬಾಗಿಸುವ ಒಂದು ಮೈಭಾಷೆಯೂ ಇದೆ. ‘ಏನ್ರೀ’ ಎನ್ನಬಹುದು. ಅದರಲ್ಲಿ ಮರ್ಯಾದೆ ಇದೆ, ಆದರೆ ಬ್ಯಾಂಕಿನ ಕೌಂಟರಿನಲ್ಲಿ ನಿಂತಷ್ಟು ದೂರವೂ ಇದೆ. ಹಳೇ ಮೈಸೂರಿನ ಕಿವಿಗೆ ಅದು ಗಂಡ ಹೆಂಡತಿಯ ಮಾತಿನಂತೆ ಕೇಳಿಸಿ ಪಕ್ಕದವರು ನಕ್ಕರೂ ನಕ್ಕಾರು. ‘ಏನೇ’ ಎನ್ನಬಹುದೇ? ತಂಗಿಗೆ, ಬಾಲ್ಯದ ಗೆಳತಿಗೆ ಸರಿ. ನಿನ್ನೆ ಪರಿಚಯವಾದವಳಿಗೆ ಹಾಗೆಂದರೆ ಅದು ಸಲುಗೆಯಲ್ಲ, ಅತಿಕ್ರಮಣ. ‘ಏನಮ್ಮಾ’ ಎಂದರೆ ಅವನಿಗೆ ಒಮ್ಮೆಲೇ ಐವತ್ತು ವರ್ಷವಾಗಿಬಿಡುತ್ತದೆ. ‘ಏನ್ ಸಮಾಚಾರ’ ಎಂಬುದು ಹತ್ತಿರ ಹತ್ತಿರ ಬರುತ್ತದೆ, ಆದರೆ ಸಮಾಚಾರ ಕೇಳುವಷ್ಟು ಹಿಂದಿನ ಕತೆ ಇಬ್ಬರ ನಡುವೆ ಇನ್ನೂ ಇಲ್ಲ.

ಇಲ್ಲಿರುವುದು ಪದಗಳ ಕೊರತೆಯಲ್ಲ ಎಂಬುದನ್ನು ಗಮನಿಸಿ. ಕನ್ನಡದಲ್ಲಿ ಪದಗಳು ಹೆಚ್ಚೇ ಇವೆ. ತೊಂದರೆಯೆಂದರೆ ಪ್ರತಿ ಪದವೂ ಬಾಯಿಂದ ಹೊರಡುವ ಮುನ್ನ ಸಂಬಂಧವನ್ನು ತೀರ್ಮಾನಿಸು ಎಂದು ಒತ್ತಾಯ ಮಾಡುತ್ತದೆ. ಎದುರಿನವರು ‘ನೀನು’ವೋ ‘ನೀವು’ವೋ, ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ, ಹತ್ತಿರದವರೋ ದೂರದವರೋ ಎಂಬುದೆಲ್ಲ ‘ರೀ’, ‘ಓ’, ‘ಏ’ ಎಂಬ ಒಂದೊಂದು ಅಕ್ಷರದಲ್ಲಿ ಅಡಗಿ ಕೂತಿದೆ. ಇದು ಕನ್ನಡದ ಸೊಗಸು, ಯಾರೂ ಇದನ್ನು ಕಳೆದುಕೊಳ್ಳಬಾರದು. ಆದರೆ ಸಂಬಂಧ ಇನ್ನೂ ತೀರ್ಮಾನವಾಗದ ಘಳಿಗೆಯೂ ಬದುಕಿನಲ್ಲಿ ಇರುತ್ತದೆ. ಹುಡುಗ ಹುಡುಗಿಯರು ಒಟ್ಟಿಗೆ ಓದುವ, ಬೇರೆ ಬೇರೆ ಜಾತಿ ಊರುಗಳಿಂದ ಬಂದವರು ಒಂದೇ ಬೆಂಚಿನಲ್ಲಿ ಕೂರುವ ಕಡೆ ಅಂಥ ಘಳಿಗೆಗಳು ದಿನಕ್ಕೆ ಹತ್ತು ಬರುತ್ತವೆ. ಹಿಂದಿನ ಊರಿನಲ್ಲಿ ಎದುರಾದವರು ಯಾರ ಮಗ, ಯಾರ ಮನೆಯವಳು ಎಂದು ಮೊದಲೇ ಗೊತ್ತಿರುತ್ತಿತ್ತು. ಅಣ್ಣ, ಮಾವ, ಗೌಡ್ರೇ, ಅಕ್ಕ ಎಂಬ ಸಂಬೋಧನೆಯೇ ಸಾಕಾಗುತ್ತಿತ್ತು. ಕ್ಯಾಂಟೀನಿನ ಮೆಟ್ಟಿಲಿನ ಮೇಲೆ ಆ ಮಾಹಿತಿ ಇಲ್ಲ, ಇರಬೇಕಾಗಿಯೂ ಇಲ್ಲ.

‘ಹಾಯ್’ ಬಂದು ಕೂತದ್ದು ಈ ಖಾಲಿ ಜಾಗದಲ್ಲಿ. ಅದಕ್ಕೆ ಲಿಂಗವಿಲ್ಲ, ವಯಸ್ಸಿಲ್ಲ, ಬಹುವಚನವಿಲ್ಲ. ‘ನಿನ್ನನ್ನು ನೋಡಿದೆ, ಮಾತಾಡಲು ಮನಸ್ಸಿದೆ’ ಎಂಬುದನ್ನು ಬಿಟ್ಟರೆ ಅದು ಬೇರೇನನ್ನೂ ಹೇಳುವುದಿಲ್ಲ. ಸಂಬಂಧವನ್ನು ತೀರ್ಮಾನಿಸುವ ಕೆಲಸವನ್ನು ಅದು ಅರ್ಧ ಸೆಕೆಂಡು ಮುಂದೂಡುತ್ತದೆ.

ಇನ್ನು ಆ ಮಾತಿನ ಉಳಿದ ಅರ್ಧವನ್ನು ನೋಡಿ. ಹುಡುಗ ‘ಹಾಯ್’ ಎಂದು ನಿಲ್ಲಿಸಲಿಲ್ಲ, ‘ಊಟ ಆಯ್ತಾ?’ ಎಂದ. ‘ಊಟ ಮಾಡಿದ್ಯಾ’ ಎನ್ನಲಿಲ್ಲ, ‘ಊಟ ಮಾಡಿದ್ರಾ’ ಎಂದೂ ಅನ್ನಲಿಲ್ಲ. ಯಾಕೆ? ‘ಮಾಡಿದ್ಯಾ’ ಎಂದರೆ ‘ನೀನು’ ಎಂದಂತೆ, ‘ಮಾಡಿದ್ರಾ’ ಎಂದರೆ ‘ನೀವು’ ಎಂದಂತೆ. ಆದರೆ ‘ಊಟ ಆಯ್ತಾ’ ಎಂಬ ವಾಕ್ಯದ ಕರ್ತೃ ಎದುರಿಗಿರುವ ವ್ಯಕ್ತಿಯೇ ಅಲ್ಲ. ಅಲ್ಲಿ ಕರ್ತೃ ಊಟ. ಆದದ್ದು ಊಟ, ಹಾಗಾಗಿ ಕ್ರಿಯಾಪದ ನಪುಂಸಕಲಿಂಗದಲ್ಲಿದೆ. ಮಾತಾಡಿಸಲ್ಪಡುವವರು ನೀನೋ ನೀವೋ ಎಂಬುದನ್ನು ಈ ವಾಕ್ಯ ಬಾಯಿ ಬಿಟ್ಟು ಹೇಳುವುದಿಲ್ಲ. ಕನ್ನಡ ತಾನೇ ಮೊದಲಿನಿಂದ ಇಟ್ಟುಕೊಂಡಿದ್ದ ಉಪಾಯವಿದು. ಮನೆಗೆ ಬಂದ ಅಳಿಯನನ್ನು, ಹೊಲದಿಂದ ಬಂದ ಆಳನ್ನು, ಪಕ್ಕದ ಮನೆಯ ಹುಡುಗಿಯನ್ನು ಒಂದೇ ವಾಕ್ಯದಲ್ಲಿ ವಿಚಾರಿಸಬಲ್ಲ ಉಪಾಯ.

ಅಂದರೆ ‘ಹಾಯ್’ ಮತ್ತು ‘ಊಟ ಆಯ್ತಾ’ ಅಕಸ್ಮಾತ್ತಾಗಿ ಜೊತೆಗೂಡಿದ ಪದಗಳಲ್ಲ. ಒಂದು ಇಂಗ್ಲಿಷಿನಿಂದ ಬಂತು, ಇನ್ನೊಂದು ಅಡುಗೆಮನೆಯಿಂದ ಬಂತು. ಆದರೆ ಎರಡೂ ಮಾಡುತ್ತಿರುವ ಕೆಲಸ ಒಂದೇ. ಎರಡೂ ಎದುರಿನವರನ್ನು ಯಾವ ಮಣೆಯ ಮೇಲೂ ಕೂರಿಸದೆ ಮಾತಾಡಿಸುತ್ತವೆ. ಮಾನವಶಾಸ್ತ್ರಜ್ಞ ಬ್ರಾನಿಸ್ಲಾ ಮಲಿನೋವ್‌ಸ್ಕಿ 1923ರಲ್ಲಿ, ಮಾಹಿತಿಗಾಗಿ ಅಲ್ಲದೆ ಬರೀ ಒಡನಾಟ ಕಟ್ಟುವುದಕ್ಕಾಗಿ ಆಡುವ ಇಂಥ ಮಾತುಗಳ ಬಗ್ಗೆ ಬರೆದ. ‘ಊಟ ಆಯ್ತಾ’ ಎಂದು ಕೇಳಿದವನಿಗೆ ಊಟದ ವಿವರ ಬೇಕಿಲ್ಲ ಎಂಬುದು ಅವನನ್ನು ಓದದ ನಮ್ಮ ಅಜ್ಜಿಯಂದಿರಿಗೂ ಗೊತ್ತು. ಇಲ್ಲಿ ಹೊಸದೆಂದರೆ, ಒಡನಾಟ ಕಟ್ಟುವ ಹಳೆಯ ಕನ್ನಡ ಪ್ರಶ್ನೆಗೆ ಹೊಸದೊಂದು ಹೊಸ್ತಿಲು ಸೇರಿಕೊಂಡದ್ದು ಮಾತ್ರ.

ಮುಂದೇನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ. ತಿಂಗಳೊಪ್ಪತ್ತಿನಲ್ಲಿ ಇಬ್ಬರೂ ಸ್ನೇಹಿತರಾದರೆ ಅವಳು ‘ಊಟ ಆಯ್ತೇನೋ?’ ಎನ್ನುತ್ತಾಳೆ. ಆ ಒಂದು ‘ಓ’ಕಾರ ಬಂದ ಕ್ಷಣ ‘ನೀನು’ ಎಂಬುದು ಇತ್ಯರ್ಥವಾಯಿತು. ಆಮೇಲೆ ಅವನು ‘ಲೇ, ಎಲ್ಲಿದ್ದೆ?’ ಎನ್ನುತ್ತಾನೆ. ಹುಡುಗರ ಗುಂಪಿನಲ್ಲಾದರೆ ಬೆಂಗಳೂರು, ಮೈಸೂರಿನ ಕಡೆ ‘ಏನ್ ಮಗಾ’, ‘ಏನ್ ಗುರೂ’ ಬರುತ್ತದೆ. ಕರಾವಳಿ ಮಲೆನಾಡುಗಳಲ್ಲಿ ‘ಎಂತ ಮಾರಾಯ’, ಧಾರವಾಡದ ಕಡೆ ‘ಏನಪಾ ದೋಸ್ತ’. ಹೆಚ್ಚಿನ ಸಲ ಈ ಹಂತದಲ್ಲಿ ‘ಹಾಯ್’ ತಾನೇ ಉದುರಿಹೋಗುತ್ತದೆ. ಮುಖಾಮುಖಿಯಾದ ಆಪ್ತ ಗೆಳೆಯರು ಪರಸ್ಪರ ‘ಹಾಯ್’ ಎನ್ನುವುದು ಕಡಿಮೆ. ಬಾಗಿಲಲ್ಲಿ ನಿಂತಿದ್ದ ಇಂಗ್ಲಿಷ್ ಪದ ಇಬ್ಬರನ್ನೂ ಕನ್ನಡದ ಸಲುಗೆಯೊಳಗೆ ಬಿಟ್ಟು ತಾನು ಹಿಂದಕ್ಕೆ ಸರಿಯುತ್ತದೆ. ಕನ್ನಡವನ್ನು ನುಂಗಲು ಬಂದ ಪದ ಹೀಗೆ ಮಾಡುತ್ತದೆಯೇ?

ಇಷ್ಟಾದರೂ ಶುದ್ಧಿವಾದಿಗಳು ಒಂದು ಮಾತು ಹೇಳಿಯೇ ಹೇಳುತ್ತಾರೆ: ಏನೇ ಇರಲಿ, ನಮಸ್ಕಾರ ನಮ್ಮದು, ಹಾಯ್ ಪರರದು. ನಮಸ್ಕಾರ ಸಂಸ್ಕೃತದ್ದು. ಉತ್ತರ ಕರ್ನಾಟಕದ ‘ಶರಣು’, ‘ಶರಣಾರ್ಥಿ’ಗಳ ಮೂಲವೂ ಸಂಸ್ಕೃತವೇ. ‘ಸಲಾಂ’ ಅರಬ್ಬಿಯಿಂದ, ‘ದೋಸ್ತ’ ಪಾರಸಿಯಿಂದ ಬಂದವು. ‘ನಮಸ್ಕಾರ ಕಣ್ರೀ’ ಎಂಬಲ್ಲಿ ಸಂಸ್ಕೃತದ ಬೆನ್ನಿಗೆ ಕನ್ನಡದ ಬಾಲ ಹತ್ತಿದೆ. ಒಂದಾನೊಂದು ಕಾಲಕ್ಕೆ ಅದೂ ಎರಡು ಭಾಷೆ ಬೆರೆತ ಅಭಿವಾದನವೇ. ವ್ಯತ್ಯಾಸ ಇಷ್ಟೇ, ಬೆಸುಗೆಯ ಗೆರೆ ಸವೆದು ಹೋಗಿ ಈಗ ಕಣ್ಣಿಗೆ ಕಾಣುವುದಿಲ್ಲ.

ಈ ಜಗಳ ಕೂಡ ಹೊಸದಲ್ಲ. ಮುಳುಗುಂದದ ನಯಸೇನ 1112ರ ತನ್ನ ‘ಧರ್ಮಾಮೃತ’ದಲ್ಲಿ ಕನ್ನಡದೊಳಗೆ ಸಂಸ್ಕೃತ ತುರುಕುವ ಕವಿಗಳನ್ನು ಗೇಲಿ ಮಾಡಿದ. ಹೇಳುವುದಾದರೆ ಪೂರ್ತಿ ಸಂಸ್ಕೃತದಲ್ಲೇ ಹೇಳಲಿ, ತುಪ್ಪ ಎಣ್ಣೆ ಬೆರೆಸುವುದು ತರವೇ ಎಂಬುದು ಅವನ ಪ್ರಶ್ನೆ. ಶುದ್ಧ ಕನ್ನಡದ ಪರ ಭಾಷಣ ಮಾಡುವವರಿಗೆ ನಯಸೇನ ಅಂದರೆ ಪ್ರಾಣ. ಆದರೆ ಆ ಪದ್ಯದಲ್ಲಿ ತುಪ್ಪಕ್ಕೂ ಎಣ್ಣೆಗೂ ಅವನು ಬಳಸಿದ ಪದಗಳು ಘೃತ ಮತ್ತು ತೈಲ. ಎರಡೂ ಅಪ್ಪಟ ಸಂಸ್ಕೃತ, ಎರಡಕ್ಕೂ ಕನ್ನಡದ ವಿಭಕ್ತಿ ಹತ್ತಿದೆ! ಇದನ್ನು ನಯಸೇನನ ಎಡವಟ್ಟು ಎಂದು ನಾನು ಓದುವುದಿಲ್ಲ. ಬೇಕೆಂದೇ ಮಾಡಿದ ಚೇಷ್ಟೆಯೂ ಇರಬಹುದು. ಎರಡು ಭಾಷೆ ಬಲ್ಲವನ ಬಾಯಿ ಬೆರಕೆಯನ್ನು ಬೈಯುವಾಗಲೂ ಬೆರೆಸುತ್ತದೆ ಎಂಬುದಕ್ಕೆ ಒಂಬೈನೂರು ವರ್ಷ ಹಳೆಯ ಸಾಕ್ಷಿಯೆಂದು ಓದುತ್ತೇನೆ. ಅವನ ಆಮೇಲೆ ಬಂದ ಕೇಶಿರಾಜ ವ್ಯಾಕರಣ ಬರೆಯುವಾಗ ಕನ್ನಡ ಸಂಸ್ಕೃತ ಪದಗಳು ಕೂಡಿದ ಸಮಾಸವನ್ನು ಅರಿಸಮಾಸವೆಂದು ದೂರ ಇಡುತ್ತಾನೆ. ಜೊತೆಗೇ ಬಿರುದಾವಳಿಗಳಲ್ಲಿ, ಹಿಂದಿನ ಕವಿಗಳ ಪ್ರಯೋಗಗಳಲ್ಲಿ ಅದು ನಡೆಯುತ್ತದೆ ಎಂದು ವಿನಾಯಿತಿಯನ್ನೂ ಕೊಡುತ್ತಾನೆ. ಬಳಕೆ ಗಟ್ಟಿಯಾಗಿದ್ದಲ್ಲಿ ವ್ಯಾಕರಣ ಸೋಲೊಪ್ಪುವುದು ನಮ್ಮಲ್ಲಿ ಹಳೆಯ ಪದ್ಧತಿ.

ಎರಡನೆಯ ಆರೋಪ ಸೋಮಾರಿತನದ್ದು. ಬೆರೆಸುವವರಿಗೆ ಯಾವ ಭಾಷೆಯೂ ನೆಟ್ಟಗೆ ಬರುವುದಿಲ್ಲ, ಅದಕ್ಕೇ ಬೆರೆಸುತ್ತಾರೆ ಎನ್ನುತ್ತಾರೆ. ಹಾಗಿದ್ದರೆ ಬೆರಕೆಗೆ ನಿಯಮ ಇರಬಾರದು, ಹೇಗೆ ಬೆರೆಸಿದರೂ ನಡೆಯಬೇಕು. ಸ್ವಲ್ಪ ಪರೀಕ್ಷಿಸಿ ನೋಡಿ. ‘ಹಾಯ್ ಮಗಾ, ಹೇಗಿದ್ದೀಯ?’ ಸರಿ. ‘ಹೌ ಇದ್ದೀಯ ಮಗಾ?’ ಎಂದು ಯಾರಾದರೂ ಗಂಭೀರವಾಗಿ ಹೇಳಿದ್ದನ್ನು ಕೇಳಿದ್ದೀರಾ? ತಮಾಷೆಗೆ ಹೇಳಬಹುದು, ತಮಾಷೆಯಾಗುವುದೇ ಅದು ನಿಯಮ ಮುರಿಯುವುದರಿಂದ. ‘ಸಂಜೆ ಕಾಲ್ ಮಾಡ್ತೀನಿ’ ಸರಿ, ‘ನಾಳೆ ಮೀಟ್ ಆಗೋಣ’ ಸರಿ. ಆದರೆ ಇಂಗ್ಲಿಷ್ ಧಾತುವಿಗೆ ನೇರವಾಗಿ ಕನ್ನಡದ ಪ್ರತ್ಯಯ ಅಂಟಿಸಿ ‘ಸಂಜೆ ಕಾಲ್ತೀನಿ’, ‘ನಾಳೆ ಮೀಟೋಣ’ ಎಂದು ಯಾರೂ ಅನ್ನುವುದಿಲ್ಲ. ಇಂಗ್ಲಿಷ್ ಕ್ರಿಯಾಪದ ಕನ್ನಡದ ಮನೆಗೆ ಬರಬೇಕಾದರೆ ಮೊದಲು ನಾಮಪದದ ಹಾಗೆ ಹೊರಗೆ ಚಪ್ಪಲಿ ಬಿಟ್ಟು, ‘ಮಾಡು’ ಅಥವಾ ‘ಆಗು’ ಎಂಬುದರ ಕೈ ಹಿಡಿದುಕೊಂಡೇ ಒಳಗೆ ಬರಬೇಕು. ‘ನಮಸ್ಕಾರ ಮಾಡು’, ‘ಸಲಾಂ ಹೊಡಿ’, ‘ಹಾಯ್ ಹೇಳು’. ಮೂರು ಕಾಲದ ಮೂರು ಅತಿಥಿಗಳು, ಮೂವರಿಗೂ ಒಂದೇ ಬಾಗಿಲು. ಈ ನಿಯಮವನ್ನು ಯಾವ ಶಾಲೆಯಲ್ಲೂ ಕಲಿಸಿಲ್ಲ, ಆದರೂ ತಪ್ಪುವವರಿಲ್ಲ.

ಇದು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಶಾನಾ ಪಾಪ್ಲಾಕ್ ಎಂಬ ಭಾಷಾವಿಜ್ಞಾನಿ ನ್ಯೂಯಾರ್ಕಿನ ಪೋರ್ಟೊ ರಿಕೊ ಮೂಲದವರ ಸ್ಪ್ಯಾನಿಷ್ ಇಂಗ್ಲಿಷ್ ಬೆರಕೆಯನ್ನು ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದರು. ವಾಕ್ಯದ ಒಳಗೇ ಭಾಷೆ ಬದಲಿಸುತ್ತಿದ್ದವರು ಹೆಚ್ಚಾಗಿ ಎರಡೂ ಭಾಷೆಯಲ್ಲಿ ಗಟ್ಟಿಯಿದ್ದವರು. ಒಂದು ಭಾಷೆಯಲ್ಲಿ ಹಿಂದಿದ್ದವರು ವಾಕ್ಯದ ಅಂಚಿನಲ್ಲಿ ಒಂದು ಉದ್ಗಾರವನ್ನೋ ಸಣ್ಣ ಬಾಲವನ್ನೋ ಸೇರಿಸುತ್ತಿದ್ದರು. ಅದಕ್ಕೂ ಎರಡು ವರ್ಷ ಮೊದಲು, 1978ರಲ್ಲೇ, ಎಸ್. ಎನ್. ಶ್ರೀಧರ್ ಕನ್ನಡದ ಬೆರಕೆ ಯಾವ ಯಾವ ಕೆಲಸಕ್ಕೆ ಒದಗುತ್ತದೆ ಎಂಬುದರ ಮೇಲೆ ಪ್ರಬಂಧ ಬರೆದಿದ್ದರು. ಬೆರಕೆ ಎಂದರೆ ಅಸಾಮರ್ಥ್ಯ ಎಂಬ ಮಾತನ್ನು ಶಾಸ್ತ್ರ ಬಿಟ್ಟು ನಾಲ್ಕು ದಶಕಗಳಾದವು.

ಪಾಪ್ಲಾಕ್ ಅವರ ಮಾತಿನ ಎರಡನೆಯ ಅರ್ಧ ನಮ್ಮ ‘ಹಾಯ್’ಗೆ ನೇರವಾಗಿ ಅನ್ವಯಿಸುತ್ತದೆ. ‘ಹಾಯ್’ ವಾಕ್ಯದ ಅಂಚಿನಲ್ಲಿ ನಿಲ್ಲುವ ಪದ. ಅದನ್ನು ಬಳಸಲು ಇಂಗ್ಲಿಷ್ ಬರಬೇಕಾಗಿಲ್ಲ. ಹಾಗಾಗಿ ‘ಹಾಯ್’ ಎಂದವರೆಲ್ಲ ಎರಡು ಭಾಷೆಯ ಪಂಡಿತರು ಎಂದು ನಾನು ಹೊಗಳುತ್ತಿಲ್ಲ. ಬದಲಿಗೆ, ಇಂಗ್ಲಿಷಿನ ಅಷ್ಟೂ ಬೇಲಿಗಳಲ್ಲಿ ಎಲ್ಲರೂ ದಾಟಬಹುದಾದ ಒಂದೇ ಒಂದು ತಗ್ಗು ಜಾಗ ಇದು ಎನ್ನುತ್ತಿದ್ದೇನೆ.

ಇದರಿಂದ ಮೂರನೆಯ ಆರೋಪಕ್ಕೆ ಬರುತ್ತೇವೆ. ಮೂರರಲ್ಲಿ ನಿಜವಾಗಿ ತೂಕವಿರುವುದು ಇದಕ್ಕೇ. ಇಂಗ್ಲಿಷ್ ಸಂಸ್ಕೃತದಂತೆ ಅಥವಾ ಪಾರಸಿಯಂತೆ ಬರೀ ಇನ್ನೊಂದು ಭಾಷೆಯಲ್ಲ, ಅದು ಇವತ್ತು ಕೆಲಸ, ಸಂಬಳ, ಅಂತಸ್ತು. ಅದನ್ನು ಮಾತಿಗೆ ಬೆರೆಸುವವರು ‘ನಾನು ಮೇಲಿನವನು’ ಎಂದು ತೋರಿಸಿಕೊಳ್ಳುತ್ತಾರೆ ಎಂಬ ಆರೋಪವದು. ಹಾಗೆ ತೋರಿಸಿಕೊಳ್ಳುವವರು ಖಂಡಿತ ಇದ್ದಾರೆ. ತರಕಾರಿ ಅಂಗಡಿಯವಳ ಮುಂದೆ ಬೇಕೆಂದೇ ಇಂಗ್ಲಿಷ್ ಉದುರಿಸುವವರನ್ನು ನಾವೆಲ್ಲ ಕಂಡಿದ್ದೇವೆ. ಎದುರಿನವರು ಅದೇ ಬೆರಕೆಯಲ್ಲಿ ಉತ್ತರ ಕೊಡಲಾರರು ಎಂದು ಗೊತ್ತಿದ್ದೂ ಬೆರೆಸುವುದು ದರ್ಪವೇ.

ಆದರೆ ಗೆಳೆಯರ ಅಭಿವಾದನ ಅದಲ್ಲ. ಅದನ್ನು ಗುರುತಿಸುವುದೂ ಸುಲಭ. ‘ಹಾಯ್, ಊಟ ಆಯ್ತಾ’ ಎಂಬುದಕ್ಕೆ ಅದೇ ಅಳತೆಯಲ್ಲಿ ಉತ್ತರ ಬರುತ್ತದೆ, ‘ಹ್ಞೂಂ ಆಯ್ತು, ನಿಂದು?’ ಎಂದು. ಮಾತು ಸಮಸಮವಾಗಿ ಹೋಗಿ ಬರುತ್ತದೆ. ಈಗ ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಿಂದ ನಗರದ ಹಾಸ್ಟೆಲಿಗೆ ಬಂದ ಹುಡುಗನೊಬ್ಬನನ್ನು ನೆನೆಯಿರಿ. ‘ಹ’ಕಾರ ಅವನ ಊರಿನ ಮಾತಿನಲ್ಲಿ ಸುಲಭಕ್ಕೆ ಹೊರಡುವುದಿಲ್ಲ. ಅವನು ‘ಆಯ್, ಊಟ ಆಯ್ತಾ’ ಎನ್ನುತ್ತಾನೆ. ಇಂಗ್ಲಿಷ್ ಮಾಧ್ಯಮದವರು ‘ಹಾಯ್’ ಎನ್ನಲೂ ಬಾರದವನು ಎಂದು ನಗುತ್ತಾರೆ. ವೇದಿಕೆಯ ಮೇಲಿನ ಕನ್ನಡಾಭಿಮಾನಿ ‘ಹಾಯ್’ ಎಂದದ್ದಕ್ಕೇ ನಗುತ್ತಾರೆ. ಒಬ್ಬರಿಗೆ ಅವನ ಇಂಗ್ಲಿಷ್ ಸಾಲದು, ಇನ್ನೊಬ್ಬರಿಗೆ ಅವನ ಕನ್ನಡ ಸಾಲದು. ಹೊಸ ಊರಿನಲ್ಲಿ ಸ್ನೇಹ ಸಂಪಾದಿಸಲು ಅವನ ಬಳಿ ಇರುವುದೇ ಈ ನಾಲ್ಕು ಅಕ್ಷರದ ಸೇತುವೆ. ಅದರ ಎರಡೂ ತುದಿಯಲ್ಲಿ ಸುಂಕದವರು ಕೂತಿದ್ದಾರೆ. ಶುದ್ಧತೆಯ ಬೋಧನೆಯ ಪೆಟ್ಟು ಬೀಳುವುದು ಇಂಗ್ಲಿಷಿನಲ್ಲಿ ಆರಾಮಾಗಿರುವವರ ಮೇಲಲ್ಲ. ಅವರು ಆ ಸಭೆಗೇ ಬರುವುದಿಲ್ಲ. ಪೆಟ್ಟು ಬೀಳುವುದು ಈ ಹುಡುಗನ ಮೇಲೆ.

ಹಾಗಾದರೆ ಕನ್ನಡಕ್ಕೆ ಅಪಾಯವೇ ಇಲ್ಲವೇ? ಇದೆ. ಆದರೆ ಅದು ಮಾತಿನ ಮೊದಲ ಅರ್ಧದಲ್ಲಿಲ್ಲ, ಎರಡನೆಯದರಲ್ಲಿದೆ.

ವಿದೇಶದಲ್ಲಿ ಬೆಳೆಯುತ್ತಿರುವ ಮೊಮ್ಮಗಳು ಊರಿನ ಅಜ್ಜಿಗೆ ವಿಡಿಯೊ ಕರೆ ಮಾಡುವುದನ್ನು ಕೇಳಿಸಿಕೊಳ್ಳಿ. ಮಗು ‘ಹಾಯ್ ಅಜ್ಜಿ’ ಎನ್ನುತ್ತದೆ. ಅಜ್ಜಿಯೂ ‘ಹಾಯ್ ಪುಟ್ಟಾ, ಊಟ ಆಯ್ತಾ?’ ಎನ್ನುತ್ತಾಳೆ. ಇಲ್ಲಿಯವರೆಗೆ ಎರಡು ತಲೆಮಾರಿನ ನಡುವೆ ಒಂದು ಕೂದಲೆಳೆಯ ಅಂತರವೂ ಇಲ್ಲ. ಮುಂದಿನ ಉತ್ತರದಲ್ಲಿ ಎಲ್ಲ ಇತ್ಯರ್ಥವಾಗುತ್ತದೆ. ಮಗು ‘ಆಯ್ತು ಅಜ್ಜಿ, ಪಾಸ್ತಾ ತಿಂದೆ’ ಎಂದರೆ ಕನ್ನಡ ಜೀವಂತವಾಗಿದೆ, ಪಾಸ್ತಾ ಇಟಲಿಯದ್ದಾದರೇನಂತೆ. ಮಗು ಅಮ್ಮನ ಮುಖ ನೋಡಿ, ಅಮ್ಮ ಮೆಲ್ಲಗೆ ಹೇಳಿಕೊಟ್ಟು, ಮಗು ‘ಯೆಸ್, ಐ ಏಟ್’ ಎಂದರೆ ಅಲ್ಲಿ ಏನೋ ಮುಗಿಯುತ್ತಿದೆ. ಎರಡೂ ಸಂಭಾಷಣೆಯಲ್ಲಿ ‘ಹಾಯ್’ ಇತ್ತು. ‘ಹಾಯ್’ ಎಣಿಸುತ್ತ ಕೂತವರಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯುವುದೇ ಇಲ್ಲ. ತಿಳಿಯಬೇಕಾದರೆ ‘ತಿಂದೆ’ ಎಂಬ ಕ್ರಿಯಾಪದವನ್ನು, ಅದರ ತುದಿಯ ‘ಎ’ಕಾರವನ್ನು ಕೇಳಿಸಿಕೊಳ್ಳಬೇಕು.

ಭಾಷೆ ಬದಲಾಗುವುದು ಕಣ್ಣಿಗೆ ಬೀಳುವ ಪದಗಳಲ್ಲೇ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದಕ್ಕೆ ನಮ್ಮ ಗಡಿಯಾಚೆಯ ಒಂದು ಊರು ಸಾಕ್ಷಿ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ಶತಮಾನಗಳಿಂದ ಅಕ್ಕಪಕ್ಕ ಬದುಕಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಆ ಊರಿನ ಬಗ್ಗೆ ಬರೆದರು. ಅಲ್ಲಿ ಮನೆಮನೆಯ ಭಾಷೆಗಳ ಪದಗಳು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಉಳಿದಿದ್ದವು. ಆದರೆ ವಾಕ್ಯಗಳ ಅಚ್ಚು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು. ‘ಇದು ನಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಯುವ ಕನ್ನಡದ ವಾಕ್ಯಕ್ಕೆ ಅಲ್ಲಿ ಮರಾಠಿ ಉರ್ದುಗಳ ಹಾಗೆ ಕೊನೆಯಲ್ಲಿ ಒಂದು ಕ್ರಿಯಾಪದ ಬಂದು ಸೇರಿತ್ತು. ಪದಗಳನ್ನು ಮಾತ್ರ ಕಾಯುವವರು ಕುಪ್ವಾಡಕ್ಕೆ ಹೋಗಿದ್ದರೆ ಇಲ್ಲಿ ಎಲ್ಲ ಶುದ್ಧವಾಗಿದೆ ಎಂದು ಪ್ರಮಾಣಪತ್ರ ಕೊಟ್ಟು ಬರುತ್ತಿದ್ದರು. ನಮ್ಮ ಕ್ಯಾಂಟೀನಿನಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಪದ ಹೊರಗಿನದು, ವಾಕ್ಯದ ಅಚ್ಚು ಕನ್ನಡದ್ದೇ. (ಕುಪ್ವಾಡವೂ ಸತ್ತ ಊರೇನಲ್ಲ, ಅಲ್ಲಿನ ಜನ ಅದೇ ಮಾತಿನಲ್ಲಿ ವ್ಯವಹಾರ ನಡೆಸಿದರು, ಬದುಕಿದರು.)

ಆದ್ದರಿಂದ ಬೆರಕೆಯ ಮಾತು ಕೇಳಿದಾಗ ಎರಡು ವಿಷಯ ಗಮನಿಸಿದರೆ ಸಾಕು. ಒಂದು, ವಾಕ್ಯವನ್ನು ಮುಗಿಸುತ್ತಿರುವುದು ಯಾವ ಭಾಷೆ? ‘ಫುಲ್ ಬಿಜಿ ಇದೀನಿ ಕಣೋ, ಇಂಟರ್ನಲ್ಸ್ ನಡೀತಿದೆ’ ಎಂಬಲ್ಲಿ ಮೂರು ಇಂಗ್ಲಿಷ್ ಪದಗಳಿವೆ. ಆದರೆ ಕಾಲ, ಪುರುಷ, ಸಲುಗೆ ಎಲ್ಲವನ್ನೂ ನಡೆಸುತ್ತಿರುವುದು ಕನ್ನಡ. ಎರಡು, ಎದುರಿನವರು ಅದೇ ರೀತಿಯಲ್ಲಿ ಮಾತು ಹಿಂತಿರುಗಿಸಬಲ್ಲರೇ? ಎರಡಕ್ಕೂ ಉತ್ತರ ಸರಿಯಿದ್ದರೆ ಆ ಮಾತಿನ ತಂಟೆಗೆ ಹೋಗಬೇಡಿ. ಇಲ್ಲದಿದ್ದರೆ ಚಿಂತಿಸಿ. ಆದರೆ ಆಗಲೂ ‘ಹಾಯ್’ಗೆ ಬದಲು ಪದ ಹುಡುಕಿಕೊಟ್ಟು ಪ್ರಯೋಜನವಿಲ್ಲ. ಆ ಮಗುವಿನ ಜೊತೆ ಕೂತು ಕನ್ನಡದಲ್ಲಿ ನಾಲ್ಕು ವಾಕ್ಯ ಆಡುವುದೊಂದೇ ದಾರಿ.

ಕೊನೆಯದಾಗಿ, ಬರೆಯುವ ಗೆಳೆಯರ ಜೊತೆ ಒಂದು ಜಗಳ. ಇವತ್ತಿನ ಕಾಲೇಜಿನ ಬಗ್ಗೆ ಬರೆದ ಕತೆಗಳಲ್ಲೂ ಎಷ್ಟೋ ಸಲ ಪಾತ್ರಗಳು ಎದುರಾದಾಗ ‘ನಮಸ್ಕಾರ ಗೆಳೆಯಾ, ಚೆನ್ನಾಗಿರುವೆಯಾ?’ ಎನ್ನುತ್ತವೆ. ಹಾಗೆ ಮಾತಾಡುವ ಹುಡುಗರು ಯಾವ ಊರಿನಲ್ಲಿದ್ದಾರೆ? ಸ್ಪರ್ಧೆಯ ತೀರ್ಪುಗಾರರಿಗೆ ಹೆದರಿ, ಸಂಪಾದಕರ ಕೆಂಪು ಪೆನ್ನಿಗೆ ಹೆದರಿ ಆ ಸಂಭಾಷಣೆಯನ್ನು ತೊಳೆದು ಇಸ್ತ್ರಿ ಮಾಡಲಾಗಿದೆ. ತೊಳೆಯುವಾಗ ಬರೀ ಒಂದು ಇಂಗ್ಲಿಷ್ ಪದ ಹೋಗುವುದಿಲ್ಲ. ಆ ಇಬ್ಬರ ನಡುವೆ ಸಂಬಂಧ ಇನ್ನೂ ತೀರ್ಮಾನವಾಗಿಲ್ಲ ಎಂಬ ಸಂಗತಿಯೇ ಹೋಗುತ್ತದೆ. ‘ಆಯ್ತಾ’ ಎಂದದ್ದು ‘ಆಯ್ತೇನೋ’ ಆದ ದಿನ ಯಾವುದು ಎಂಬುದೇ ಒಂದು ಕತೆಯಾಗಬಹುದಿತ್ತು, ಅದೂ ಹೋಗುತ್ತದೆ. ಟಿ. ಪಿ. ಕೈಲಾಸಂ ನೂರು ವರ್ಷಗಳ ಹಿಂದೆ ಬೆಂಗಳೂರಿನ ಮನೆಗಳ ಇಂಗ್ಲಿಷ್ ಬೆರೆತ ಕನ್ನಡವನ್ನು ಹಾಗೇ ರಂಗಕ್ಕೆ ತಂದರು. ಅದನ್ನು ಗೇಲಿ ಮಾಡುವುದಕ್ಕೂ ಬಳಸಿದರು, ಪಾತ್ರಗಳಿಗೆ ಜೀವ ತುಂಬುವುದಕ್ಕೂ ಬಳಸಿದರು. ಯಾವ ಪಾತ್ರ ಯಾರ ಮುಂದೆ ಎಷ್ಟು ಬೆರೆಸುತ್ತದೆ ಎಂಬುದನ್ನು ಅವರ ಕಿವಿ ಹಿಡಿಯುತ್ತಿತ್ತು. ಅವರ ನಾಟಕಗಳನ್ನು ಕನ್ನಡದ ಹೆಮ್ಮೆ ಎಂದು ಆಡುತ್ತಲೇ, ಅದೇ ಕೆಲಸ ಮಾಡಹೊರಟ ಇಪ್ಪತ್ತರ ಕತೆಗಾರ್ತಿಗೆ ‘ಭಾಷೆ ಶುದ್ಧವಾಗಿಲ್ಲ’ ಎಂದು ಕತೆ ಹಿಂತಿರುಗಿಸುವುದು ಯಾವ ನ್ಯಾಯ?

ನಿಮ್ಮ ಪಾತ್ರಗಳು ಹಾಯ್ ಎನ್ನಲಿ. ಆದರೆ ಎಲ್ಲ ಪಾತ್ರಗಳೂ ಎಲ್ಲರಿಗೂ ಒಂದೇ ಥರ ಹಾಯ್ ಎನ್ನದಿರಲಿ. ಯಾರು ಯಾರಿಗೆ, ಪರಿಚಯವಾದ ಎಷ್ಟನೆಯ ದಿನ, ಹಾಯ್ ಬೆನ್ನಿಗೆ ‘ಆಯ್ತಾ’ ಬಂತೋ ‘ಆಯ್ತೇನ್ರೀ’ ಬಂತೋ ಎಂದು ಕಿವಿಗೊಟ್ಟು ಬರೆಯಿರಿ. ಕನ್ನಡ ಆ ಬಾಲದಲ್ಲಿದೆ.